ಜಂಟಿ ಬೋರ್‌ವೆಲ್ ಮೋಟರ್ ಪದೇ ಪದೇ ಟ್ರಿಪ್ ಆಗ್ತಿದೆ: ಪಕ್ಕದ ತೋಟದ ಅಣ್ಣನಿಗೆ ಬರೆದ ಕಾಗದ ಕೊಡೋ ಮುಂಚೆ ಒಮ್ಮೆ ಓದಿ

ಪಾಳಿನೀರು, ಕೋಲಾರ

ನಮ್ಮದು ಕೋಲಾರ ತಾಲ್ಲೂಕು, ನರಸಾಪುರದ ಕಡೆ. ನಮ್ಮ ಹೊಲಕ್ಕೂ ಪಕ್ಕದವರ ಹೊಲಕ್ಕೂ ಒಂದೇ ಬೋರ್‌ವೆಲ್. ಬದುವಿನ ಮೇಲೇ ಕೊರೆಸಿದ್ದು, ಖರ್ಚು ಆಗಲೇ ಅರ್ಧರ್ಧ ಹಾಕಿದ್ದು, ಆರ್‌ಆರ್ ನಂಬರ್ ಮಾತ್ರ ಅವರ ತಂದೆಯವರ ಹೆಸರಲ್ಲಿದೆ. 620 ಅಡಿಯಲ್ಲಿ ಏಳೂವರೆ ಎಚ್‌ಪಿ ಮೋಟರ್ ಇಳಿಬಿಟ್ಟಿದೆ. ತ್ರೀ ಫೇಸ್ ಕೊಡೋ ಏಳು ಗಂಟೆಯಲ್ಲಿ ಮೂರೂವರೆ ಗಂಟೆ ಅವರಿಗೆ, ಮೂರೂವರೆ ಗಂಟೆ ನಮಗೆ. ನಾನು ಟೊಮೆಟೊಗೆ ಡ್ರಿಪ್ ಬಿಡ್ತೀನಿ. ಅವರು ಕೃಷಿ ಹೊಂಡಕ್ಕೆ ತುಂಬಿಸಿಕೊಂಡು ಆಮೇಲೆ ಹಿಪ್ಪುನೇರಳೆಗೂ ಸೀಮೆಹುಲ್ಲಿಗೂ ಹಾಯಿಸ್ತಾರೆ.

ಒಂದು ತಿಂಗಳಿಂದ ಮೋಟರ್ ಚೆನ್ನಾಗಿ ಸ್ಟಾರ್ಟ್ ಆಗುತ್ತೆ, ಇಪ್ಪತ್ತು ಇಪ್ಪತ್ತೈದು ನಿಮಿಷ ಓಡುತ್ತೆ, ಟ್ರಿಪ್ ಆಗುತ್ತೆ. ಹದಿನೈದು ನಿಮಿಷ ಬಿಟ್ಟು ಹಸಿರು ಬಟನ್ ಒತ್ತಿದರೆ ಮತ್ತೆ ಓಡುತ್ತೆ. ನನ್ನ ಪಾಳಿಯಲ್ಲಿ ಎರಡು ಸಲ ಆದರೆ ಅವರ ಪಾಳಿಯಲ್ಲಿ ನಾಲ್ಕೈದು ಸಲ. ಅದಕ್ಕೇ ಅವರಿಗೆ ಅನುಮಾನ, ನಾನೇ ಏನೋ ಮಾಡಿಟ್ಟು ಹೋಗ್ತೀನಿ ಅಂತ. ಬಾಯಿಬಿಟ್ಟು ಹೇಳಿಲ್ಲ. ಆದರೆ ಮೊನ್ನೆ ಡೇರಿ ಹತ್ತಿರ ಸಿಕ್ಕಾಗ ಮಾತಾಡದೆ ಕ್ಯಾನ್ ಎತ್ತಿಕೊಂಡು ಹೋದರು. ಹದಿನೈದು ವರ್ಷದಿಂದ ಒಬ್ಬರ ಮನೆ ಹಬ್ಬಕ್ಕೆ ಇನ್ನೊಬ್ಬರು ಹೋಗಿಬಂದವರು ನಾವು. ನೋವಾಯಿತು.

ಎದುರು ನಿಂತು ಮಾತಾಡಿದರೆ ದನಿ ಏರುತ್ತೆ ಅಂತ ಕಾಗದ ಬರೆದಿದ್ದೀನಿ. ಓದಿ, ತಪ್ಪಿದ್ದರೆ ತಿದ್ದಿ.

"ಅಣ್ಣನವರಿಗೆ ನಮಸ್ಕಾರ. ನಮ್ಮ ಜಂಟಿ ಬೋರ್‌ವೆಲ್ ಮೋಟರ್ ತಿಂಗಳಿಂದ ಟ್ರಿಪ್ ಆಗುತ್ತಿರುವುದು ನಿಮಗೂ ಗೊತ್ತು. ಹೋದ ವರ್ಷ ಹೀಗೇ ಆದಾಗ ಮೋಟರ್ ಎತ್ತಿಸಿ ರಿವೈಂಡಿಂಗ್ ಮಾಡಿಸಿದೆವು. ಈ ಸಲವೂ ಕಾಯಿಲ್ ಹೋಗಿರಬಹುದು. ಎತ್ತಿ, ವೈಂಡಿಂಗ್ ಮಾಡಿಸಿ, ಇಳಿಸಲು ಒಟ್ಟು 22,000 ರೂಪಾಯಿ ಕೇಳಿದ್ದಾರೆ. ಅರ್ಧ ನೀವು, ಅರ್ಧ ನಾನು ಹಾಕಿಕೊಂಡು ಈ ಭಾನುವಾರವೇ ಎತ್ತಿಸೋಣ. ಟೊಮೆಟೊ ಹೂ ಕಚ್ಚುವ ಸಮಯ, ತಡಮಾಡಿದರೆ ನನಗೂ ಕಷ್ಟ, ನಿಮಗೂ ಕಷ್ಟ. ನಿಮ್ಮ ಒಪ್ಪಿಗೆ ತಿಳಿಸಿ."

ಮಲ್ಬರಿ ತೋಟ

ಕಾಗದ ಚೆನ್ನಾಗಿದೆ. ಆದರೆ ಮೋಟರ್ ಎತ್ತೋದೇ ಬೇಡ ಅನ್ಸುತ್ತೆ. ನೀರು ಕೆಳಗೆ ಹೋಗಿದೆ ಅಷ್ಟೆ. ನೀರಿಲ್ಲದೆ ಓಡಿದರೆ ಮೋಟರ್ ಮೇಲೆ ಲೋಡ್ ಬೀಳುತ್ತೆ, ಬಿಸಿ ಆಗುತ್ತೆ, ಟ್ರಿಪ್ ಆಗುತ್ತೆ. ಇನ್ನು ಮೂರು ಪೈಪು ಇಳಿಸಿ. ಅದಾಗೋ ತನಕ ಸ್ಟಾರ್ಟರ್ ಒಳಗೆ ರಿಲೇ ಸ್ಕ್ರೂ ಇರುತ್ತೆ, ಅದನ್ನ 20ಕ್ಕೆ ತಿರುಗಿಸಿ. ಬೆಳೆ ಉಳಿಸಿಕೊಳ್ಳಿ.

ವೈಂಡಿಂಗ್ ಮೇಸ್ತ್ರಿ

ಆ ಸ್ಕ್ರೂ ಮುಟ್ಟಬೇಡಿ ಸ್ವಾಮಿ. ಟ್ರಿಪ್ ಆಗ್ತಿರೋದು ಮೋಟರ್ ಉಳಿಸೋಕೆ. 16 ಆಂಪ್ಸ್ ಮೋಟರಿಗೆ ರಿಲೇ 20ಕ್ಕೆ ಇಟ್ಟರೆ ಟ್ರಿಪ್ ನಿಲ್ಲುತ್ತೆ, ವಾರದೊಳಗೆ ಕಾಯಿಲ್ ಸುಟ್ಟು ನನ್ನಂಥವನ ಅಂಗಡಿಗೆ ಬರುತ್ತೆ. ಇಪ್ಪತ್ತಾರು ವರ್ಷದಿಂದ ಮೋಟರ್ ಬಿಚ್ಚಿ ಕಟ್ಟುತ್ತಾ ಇದೀನಿ, ಬರೋ ಮೋಟರ್‌ಗಳಲ್ಲಿ ಸ್ಕ್ರೂ ತಿರುಗಿಸಿ ಸುಟ್ಟಿದ್ದನ್ನ ನೋಡಿದಾಗಲೇ ನನಗೆ ಹೊಟ್ಟೆ ಉರಿಯೋದು.

ಮಲ್ಬರಿಯವರು ಹೇಳಿದ್ದರಲ್ಲಿ ಬಿಸಿ ಆಗುತ್ತೆ ಅನ್ನೋದು ಸರಿ. ನೀರು ಸುತ್ತ ಹರೀದೆ ಹೋದರೆ ಮೋಟರ್ ತಣ್ಣಗಾಗಲ್ಲ. ಆದರೆ ಲೋಡ್ ಬೀಳುತ್ತೆ ಅನ್ನೋದು ತಲೆಕೆಳಗು. ಎತ್ತೋಕೆ ನೀರೇ ಇಲ್ಲ ಅಂದರೆ ಪಂಪಿಗೆ ಕೆಲಸ ಕಮ್ಮಿ, ಆಂಪ್ಸ್ ಕೆಳಗಿಳಿಯುತ್ತೆ. ಮೀಟರ್ ಮುಳ್ಳು ಕುಣಿಯುತ್ತೆ, ಪೈಪಿನ ಬಾಯಲ್ಲಿ ನೀರು ಕೆಮ್ಮಿ ಕೆಮ್ಮಿ ಬರುತ್ತೆ. ಅದಕ್ಕೆ ಓವರ್‌ಲೋಡ್ ರಿಲೇ ಬೀಳಲ್ಲ. ಡ್ರೈ ರನ್ ಪ್ರಿವೆಂಟರ್ ಬೇರೆ ಕೂರಿಸಿದ್ದರೆ ಅದು ಬೀಳುತ್ತೆ, ಅದಕ್ಕೆ ಅದರದೇ ದೀಪ ಹತ್ತಿರುತ್ತೆ.

ಪಾಳಿನೀರು ಅವರೇ, ಕಾಗದ ಕೊಡಬೇಡಿ ಇನ್ನೂ. 22,000 ಖರ್ಚು ಮಾಡೋ ಮುಂಚೆ ಮೇಲೆ ನಿಂತೇ ಗೊತ್ತಾಗೋದನ್ನ ಗೊತ್ತು ಮಾಡಿಕೊಳ್ಳಿ. ಮೂರು ಕೇಳ್ತೀನಿ. ಟ್ರಿಪ್ ಆದಾಗ ಏನು ಬಿದ್ದಿರುತ್ತೆ? ಸ್ಟಾರ್ಟ್ ಆದ ತಕ್ಷಣ ಮೂರು ಫೇಸಲ್ಲೂ ಆಂಪ್ಸ್ ಎಷ್ಟು, ಟ್ರಿಪ್ ಆಗೋ ಹೊತ್ತಿಗೆ ಎಷ್ಟು? ಕರೆಂಟ್ ಸೋರಿಕೆ ನೋಡೋ ಮೆಗ್ಗರ್ ಹಾಕಿದರೆ ಎಷ್ಟು ಬರುತ್ತೆ? ಆಂಪ್ಸ್ ಅಳೆಯೋ ಟಾಂಗ್ ಟೆಸ್ಟರ್ ಇರೋ ಒಬ್ಬ ಎಲೆಕ್ಟ್ರಿಷಿಯನ್ ಕರೆಸಿ, ಪಕ್ಕದವರು ಎದುರಿಗೆ ನಿಂತಿರಲಿ. ಅವರು ಕಣ್ಣಾರೆ ನೋಡಿದ್ದರೆ ಆಮೇಲೆ ಕಾಗದ ಸಲೀಸಾಗುತ್ತೆ.

ಚಿಂತಾಮಣಿ ಮನೆ

ನಮ್ಮನೇಲೂ ಇದೇ ಪ್ರಾಬ್ಲಂ. ಒಂದು ಎಚ್‌ಪಿ ಮೋಟರ್, ಸ್ವಿಚ್ ಹಾಕಿದ ತಕ್ಷಣ ಗುಂಯ್ ಅಂತ ಸದ್ದು ಮಾಡಿ ಎಂಸಿಬಿ ಕೆಳಗೆ ಬೀಳುತ್ತೆ. ಮೇಲಿನ ಮನೆಯವರೂ ನಾವೂ ಒಂದೇ ಬೋರ್. ಅವರಿಗೆ ಹೇಗೆ ಕಾಗದ ಬರೀಬೇಕು? ಫೇಸ್ ಮೂರು ಅಳೀಬೇಕಾ?

ವೈಂಡಿಂಗ್ ಮೇಸ್ತ್ರಿ

ಅದು ಬೇರೆ ಕಥೆ ಅಮ್ಮ. ನಿಮ್ಮದು ಸಿಂಗಲ್ ಫೇಸ್. ಗುಂಯ್ ಅಂದು ತಿರುಗದೇ ಇದ್ದರೆ ಮೊದಲು ಬಾಕ್ಸಿನೊಳಗಿನ ಕೆಪಾಸಿಟರ್ ಬದಲಿಸಿ ನೋಡಿಸಿ, ಉಬ್ಬಿಕೊಂಡಿದ್ದರಂತೂ ಅದೇ. ಕೈ ನೀವು ಹಾಕಬೇಡಿ, ಕರೆಂಟ್ ತೆಗೆದ ಮೇಲೂ ಅದರಲ್ಲಿ ಹೊಡೆತ ಉಳಿದಿರುತ್ತೆ.

ಪಾಳಿನೀರು, ಕೋಲಾರ

ಮೇಸ್ತ್ರಿಗಳೇ, ಹೇಳಿದ ಹಾಗೇ ಮಾಡಿಸಿದೆ. ಪಕ್ಕದಣ್ಣ ತಾವು ಬರಲಿಲ್ಲ, ಮಗನನ್ನ ಕಳಿಸಿದರು. ಹುಡುಗ ಪಾಲಿಟೆಕ್ನಿಕ್ ಓದ್ತಾ ಇದಾನೆ, ಪುಸ್ತಕ ಹಿಡಿದು ಎಲ್ಲಾ ಬರೆದುಕೊಂಡ.

ಬಿದ್ದಿದ್ದು ಓವರ್‌ಲೋಡ್ ರಿಲೇ. ಡ್ರೈ ರನ್ ದೀಪ ಹತ್ತಿರಲಿಲ್ಲ. ಮೆಗ್ಗರ್ 8 ಮೆಗಾ ಓಮ್ ತೋರಿಸಿತು. ಆಂಪ್ಸ್ ನೋಡಿ ನನಗೇ ಆಶ್ಚರ್ಯ. ನನ್ನ ಡ್ರಿಪ್ ಓಡುವಾಗ ಅಳೆದಿದ್ದು. ಸ್ಟಾರ್ಟ್ ಆಗಿ ಎರಡು ನಿಮಿಷಕ್ಕೆ ಆರ್ 17, ವೈ 16, ಬಿ 14. ಇಪ್ಪತ್ತು ನಿಮಿಷಕ್ಕೆ ಆರ್ 19.5, ವೈ 16.8, ಬಿ 12.1. ಅದಾಗಿ ಮೂರು ನಿಮಿಷಕ್ಕೆ ಟ್ರಿಪ್. ರಿಲೇ 16ರಲ್ಲೇ ಇದೆ. ಮೋಟರ್ ಪ್ಲೇಟಿನಲ್ಲೂ 16.

ಹಾಗಾದರೆ ಆರ್ ಫೇಸ್ ಕಾಯಿಲ್ ಹೋಗಿದೆ ಅಂತ ತಾನೆ? ಎತ್ತಿಸಲೇಬೇಕಲ್ವಾ?

ವೈಂಡಿಂಗ್ ಮೇಸ್ತ್ರಿ

ಇಲ್ಲ, ಅಲ್ಲೇ ಎಲ್ಲರೂ ಎಡವೋದು. ಆರ್ ಅಲ್ಲಿ ಜಾಸ್ತಿ ಅಂದಾಕ್ಷಣ ಕಾಯಿಲ್ ಅಂತ ಹೇಳೋಕಾಗಲ್ಲ. ಮೆಗ್ಗರ್ 8 ಅಂದರೆ ನೀರೊಳಗಿರೋ ಹಳೇ ಮೋಟರಿಗೂ ಕೇಬಲ್ಲಿಗೂ ಸೇರಿ ಚೆನ್ನಾಗೇ ಇದೆ. ಅರ್ಧ ಮೆಗಾ ಓಮ್‌ಗಿಂತ ಕೆಳಗೆ ಬಂದಿದ್ದರೆ ನಾನೇ ಎತ್ತಿ ಅಂತಿದ್ದೆ. ಮೂರರಲ್ಲೂ ಸಮನಾಗಿ ಏರಿದ್ದರೆ ಪಂಪಿನೊಳಗೆ ಮರಳು ತುಂಬಿ ಇಂಪೆಲ್ಲರ್ ಉಜ್ಜುತ್ತಿದೆ, ಇಲ್ಲಾ ಬೇರಿಂಗ್ ಸವೆದಿದೆ ಅನ್ನಬಹುದಿತ್ತು. ನಿಮ್ಮದರಲ್ಲಿ ಒಂದು ಏರಿದೆ, ಒಂದು ಇಳಿದಿದೆ. ಆ ಏರುಪೇರು ಕೆಳಗಿನ ಮೋಟರಿಂದ ಬರ್ತಿದೆಯೋ ಮೇಲಿನ ಕರೆಂಟಿಂದ ಬರ್ತಿದೆಯೋ ಅಂತ ತಿಳಿಯೋಕೆ ಹಳೇ ಉಪಾಯ ಒಂದಿದೆ.

ಮೇನ್ ತೆಗೆದು, ಫ್ಯೂಸ್ ಕಿತ್ತು ಜೇಬಲ್ಲಿ ಇಟ್ಟುಕೊಂಡು, ಟೆಸ್ಟರ್‌ನಿಂದ ನೋಡಿ ಆಮೇಲೆ ಕೈ ಹಾಕಲಿ. ಸ್ಟಾರ್ಟರಿಂದ ಬಾವಿಗೆ ಇಳಿಯೋ ಮೂರು ವೈರನ್ನ ಒಂದೊಂದು ಮನೆ ಮುಂದಕ್ಕೆ ಸರಿಸಲಿ. ಆರ್‌ನಲ್ಲಿದ್ದದ್ದು ವೈಗೆ, ವೈನಲ್ಲಿದ್ದದ್ದು ಬಿಗೆ, ಬಿನಲ್ಲಿದ್ದದ್ದು ಆರ್‌ಗೆ. ಮೂರನ್ನೂ ಒಂದೇ ದಿಕ್ಕಿಗೆ ಸರಿಸಿದರೆ ಮೋಟರ್ ಉಲ್ಟಾ ತಿರುಗಲ್ಲ. ಎರಡನ್ನ ಮಾತ್ರ ಅದಲು ಬದಲು ಮಾಡಿದರೆ ಉಲ್ಟಾ ತಿರುಗಿ ನೀರು ಸರಿಯಾಗಿ ಬರಲ್ಲ, ಆದ್ದರಿಂದ ಲೆಕ್ಕ ತಪ್ಪಬಾರದು. ಮತ್ತೆ ಇಪ್ಪತ್ತು ನಿಮಿಷ ಓಡಿಸಿ ಅಳೀರಿ. ಇನ್ನೊಂದು ಸಲ ಸರಿಸಿ, ಮತ್ತೆ ಅಳೀರಿ.

ಜಾಸ್ತಿ ಆಂಪ್ಸ್ ವೈರಿನ ಜೊತೆ ಓಡಿದರೆ, ಅಂದರೆ ಮೊದಲು ಆರ್‌ನಲ್ಲಿದ್ದ ವೈರ್ ಹೋದಲ್ಲೆಲ್ಲ 19 ಬಂದರೆ, ದೋಷ ಬಾವಿಯೊಳಗೆ. ಮೋಟರೋ ಕೇಬಲ್ ಜಾಯಿಂಟೋ, ಎತ್ತಲೇಬೇಕು. ವೈರ್ ಯಾವುದೇ ಬರಲಿ, ಆರ್ ಟರ್ಮಿನಲ್ಲಲ್ಲೇ 19 ಉಳಿದರೆ ದೋಷ ಮೇಲಿದೆ. ಮೋಟರ್ ಪಾಪ, ಅದರ ಪಾಡಿಗೆ ಅದಿದೆ.

ಗುಬ್ಬಿ ತೆಂಗು

ನಮ್ಮ ಟಿಸಿ ಟ್ರಾನ್ಸ್‌ಫಾರ್ಮರಲ್ಲೂ ಹೀಗೇ ಆಗಿತ್ತು. ಎಲ್ಲರೂ ಆಟೋ ಹಾಕಿಟ್ಟು ಮಲಗ್ತಾರೆ. ಬೆಳಗಿನ ಜಾವ ತ್ರೀ ಫೇಸ್ ಬಂದ ತಕ್ಷಣ ಅಷ್ಟೂ ಮೋಟರ್ ಒಟ್ಟಿಗೆ ಎದ್ದು ವೋಲ್ಟೇಜ್ ಕುಸಿದು ಎಲ್ಲಾ ಒಟ್ಟಿಗೆ ಬೀಳ್ತಿದ್ದವು. ಒಬ್ಬೊಬ್ಬರು ಒಂದೊಂದು ನಿಮಿಷ ತಡ ಮಾಡಿ ಟೈಮರ್ ಹಾಕಿಸಿಕೊಂಡ ಮೇಲೆ ನಿಂತಿತು. ನೀವೂ ಅದನ್ನೇ ಮಾಡಿಸಿ.

ಪಾಳಿನೀರು, ಕೋಲಾರ

ಗುಬ್ಬಿಯವರೇ, ನಮ್ಮಲ್ಲೂ ಆ ತೊಂದರೆ ಇದ್ದೀತು, ಆದರೆ ನಮ್ಮದು ಕರೆಂಟ್ ಬಂದ ಹೊತ್ತಿಗೆ ಬೀಳ್ತಿಲ್ಲ. ಇಪ್ಪತ್ತು ನಿಮಿಷ ಆದ ಮೇಲೆ ಬೀಳ್ತಿರೋದು.

ವೈರ್ ಸರಿಸಿ ನೋಡಿದೆವು. ಒಂದಿಡೀ ಪಾಳಿ ಅದಕ್ಕೇ ಹೋಯಿತು. ಎರಡನೇ ಸಲ ಆರ್ ಟರ್ಮಿನಲ್ಲಿನಲ್ಲಿ 19.1, ಮೂರನೇ ಸಲ 19.4. ಬಿ ಟರ್ಮಿನಲ್ 12.4, ಆಮೇಲೆ 12.2. ವೈರ್ ಯಾವುದು ಬಂದರೂ ಟರ್ಮಿನಲ್ ಲೆಕ್ಕ ಹಾಗೇ ನಿಂತಿತು. ಅಂದರೆ ಮೋಟರ್ ಸರಿ ಇದೆ! ಹುಡುಗ ಅಲ್ಲೇ ಅಪ್ಪನಿಗೆ ಫೋನ್ ಮಾಡಿ ಹೇಳಿದ. ಅವರು ನಂಬಲಿಲ್ಲ. "ಹೋದ ವರ್ಷ ಮೋಟರೇ ಹೋಗಿತ್ತು, ಈಗ ಹೇಗೆ ಸರಿ ಇರುತ್ತೆ" ಅಂದರಂತೆ.

ವೈಂಡಿಂಗ್ ಮೇಸ್ತ್ರಿ

ಒಳ್ಳೆ ಕೆಲಸ. ಈಗ ಉಳಿದಿರೋದು ಎರಡೇ, ಟಿಸಿ ಕಡೆಯಿಂದ ಬರೋ ಕರೆಂಟು ಇಲ್ಲಾ ನಿಮ್ಮ ಸ್ಟಾರ್ಟರು. ಮೋಟರ್ ಓಡ್ತಾ ಇಪ್ಪತ್ತು ನಿಮಿಷ ಆದಾಗ ಸ್ಟಾರ್ಟರಿಗೆ ಒಳಬರೋ ಕಡೆ ಮೂರು ಜೋಡಿ ವೋಲ್ಟೇಜ್, ಹೊರಹೋಗೋ ಕಡೆ ಮೂರು ಜೋಡಿ ವೋಲ್ಟೇಜ್ ಅಳೆಸಿ. ಓಡ್ತಿರುವಾಗಲೇ ಅಳೀಬೇಕು, ನಿಲ್ಲಿಸಿ ಅಳೆದರೆ ಎಲ್ಲಾ ಸರಿಯಾಗೇ ಕಾಣುತ್ತೆ. ಕಾಲಿಗೆ ಚಪ್ಪಲಿ, ಕೆಳಗೆ ಒಣ ಹಲಗೆ ಇರಲಿ. ಎಲೆಕ್ಟ್ರಿಷಿಯನ್ ಬಿಟ್ಟು ಬೇರೆ ಯಾರೂ ಬೇಡ, ಹುಡುಗನೂ ಬೇಡ.

ಪಾಳಿನೀರು, ಕೋಲಾರ

ಅಳೆಸಿದೆ. ಒಳಬರೋ ಕಡೆ 392, 389, 391. ಹೊರಹೋಗೋ ಕಡೆ ಆರ್-ವೈ 390, ವೈ-ಬಿ 376, ಬಿ-ಆರ್ 375.

ಎಲೆಕ್ಟ್ರಿಷಿಯನ್ ಅಷ್ಟು ನೋಡಿ ಮೇನ್ ತೆಗೆದು ಕಾಂಟ್ಯಾಕ್ಟರ್ ಬಿಚ್ಚಿದರು. ಬಿ ಫೇಸಿನ ಕಾಂಟ್ಯಾಕ್ಟ್ ಪಾಯಿಂಟ್ ಮೇಲಿದ್ದ ಬೆಳ್ಳಿ ಬಿಲ್ಲೆ ಅರ್ಧ ತಿಂದುಹೋಗಿತ್ತು. ಉಳಿದದ್ದು ಕಪ್ಪಗೆ, ಹುರಿದ ಕಡಲೆ ಮೇಲಿನ ಹಾಗೆ ಗುಳ್ಳೆಗುಳ್ಳೆ. ಪಕ್ಕದ ಪ್ಲಾಸ್ಟಿಕ್ ಕಂದಾಗಿ ಬಿರುಕು ಬಿಟ್ಟಿತ್ತು. ಮೂಗಿಗೆ ಹಿಡಿದರೆ ಸುಟ್ಟ ವಾಸನೆ. ಬಾಕ್ಸಿನ ಮೂಲೆಯಲ್ಲಿ ಹಲ್ಲಿಯ ಒಣಗಿದ ಮೂಳೆಗೂಡು ಬೇರೆ. ಆ ಪಾಯಿಂಟನ್ನ ಕಾಗದದಲ್ಲಿ ಸುತ್ತಿ ಇಟ್ಟುಕೊಂಡಿದ್ದೀನಿ, ಅಣ್ಣನಿಗೆ ತೋರಿಸೋಕೆ.

ವೈಂಡಿಂಗ್ ಮೇಸ್ತ್ರಿ

ಸಿಕ್ಕಿತಲ್ಲ. ಒಳಗೆ 389 ಇದ್ದದ್ದು ಹೊರಗೆ 376 ಆಗಿದೆ. ಮಧ್ಯೆ ಕಳೆದ ವೋಲ್ಟು ಆ ಪಾಯಿಂಟಿನ ಮೇಲೆ ಬೆಂಕಿಯಾಗಿ ಹೋಗ್ತಿತ್ತು. ಕಾದಷ್ಟೂ ಪಾಯಿಂಟ್ ಇನ್ನೂ ಕೆಡುತ್ತೆ, ಅದಕ್ಕೇ ಮೊದಲ ಎರಡು ನಿಮಿಷ 14 ಇದ್ದದ್ದು ಇಪ್ಪತ್ತು ನಿಮಿಷಕ್ಕೆ 12 ಆಯ್ತು, ಆ ಭಾರ ಆರ್ ಮೇಲೆ ಬಿತ್ತು. ಸಬ್‌ಮರ್ಸಿಬಲ್ ಮೋಟರಿನಲ್ಲಿ ವೋಲ್ಟೇಜ್ ಎರಡೂವರೆ ಪರ್ಸೆಂಟ್ ಏರುಪೇರಾದರೆ ಆಂಪ್ಸ್ ಏರುಪೇರು ಅದರ ಆರರಿಂದ ಹತ್ತು ಪಟ್ಟು ಆಗುತ್ತೆ. ನಿಮ್ಮದು ಇಪ್ಪತ್ತೈದು ಪರ್ಸೆಂಟ್ ಆಗಿದೆ, ಲೆಕ್ಕ ಕೂಡುತ್ತೆ.

ಕಾಂಟ್ಯಾಕ್ಟ್ ಕಿಟ್ ಮೂರೂ ಫೇಸಿಗೆ ಸೇರಿಸಿ ಬದಲಿಸಿ, ಒಂದನ್ನೇ ಬದಲಿಸಬೇಡಿ. ಪಾಯಿಂಟನ್ನ ಉಪ್ಪುಕಾಗದದಲ್ಲಿ ಉಜ್ಜಿ ಹಾಕೋಣ ಅಂದರೆ ಒಪ್ಪಬೇಡಿ, ಬೆಳ್ಳಿ ಹೋದ ಮೇಲೆ ಉಜ್ಜಿ ಪ್ರಯೋಜನ ಇಲ್ಲ. ಹಲ್ಲಿ, ಇರುವೆ ಒಳಗೆ ಹೋಗದ ಹಾಗೆ ಕೇಬಲ್ ತೂತಿಗೆ ರಬ್ಬರ್ ಹಾಕಿಸಿ. ಹೋದ ವರ್ಷ ಕಾಯಿಲ್ ಸುಟ್ಟಿದ್ದೂ ಇದರಿಂದಲೇ ಇರಬಹುದು, ಆದರೆ ಆ ಮೋಟರ್ ನೋಡದೆ ಆಣೆ ಮಾಡಿ ಹೇಳಲಾರೆ.

ಶಿರಾ ಶೇಂಗಾ

ನಾನು ಮೋಟರ್ ವಿಷಯ ಬಲ್ಲವಳಲ್ಲ. ಜಂಟಿ ಬಾವಿ ವಿಷಯ ಮಾತ್ರ ಬಲ್ಲೆ. ನಮ್ಮ ಯಜಮಾನರೂ ಅವರ ಚಿಕ್ಕಪ್ಪನ ಮಕ್ಕಳೂ ಒಂದು ಬೋರಿನ ನೀರು ಕುಡಿದವರು. ಒಂದು ರಿಪೇರಿ ಬಿಲ್ಲಿನಿಂದ ನಾಲ್ಕು ವರ್ಷ ಮಾತು ಬಿಟ್ಟರು. ಆ ಬಿಲ್ಲು 6,000 ರೂಪಾಯಿ. ಯಾರು ಎಷ್ಟು ಹೊತ್ತು ಓಡಿಸಿದರು, ಯಾವಾಗ ಕೆಟ್ಟಿತು ಅನ್ನೋದಕ್ಕೆ ಒಂದು ಗೆರೆ ಬರಹ ಇರಲಿಲ್ಲ. ಅವರವರ ನೆನಪು ಅವರವರ ಕಡೆಗೇ ವಾಲಿತು.

ಅದಕ್ಕೆ ನಿಮ್ಮ ಕಾಗದದಲ್ಲಿ ದುಡ್ಡಿನ ಮಾತು ಕೊನೆಗೆ ಬರಲಿ. ಮೊದಲು ಅವರ ಮಗ ಬರೆದುಕೊಂಡ ಲೆಕ್ಕವನ್ನೇ ಬರೀರಿ, ಅವರ ಮನೆಯ ಹುಡುಗನ ಕೈಬರಹ ಅದು. ಸ್ಟಾರ್ಟರ್ ಬಾಕ್ಸಿಗೆ ಒಂದು ನೋಟ್‌ಬುಕ್ ಕಟ್ಟಿ. ನಾವು ಈಗ ಪಾಳಿ ಮುಗಿಸಿದವರು ಗಂಟೆಗೆ ಹತ್ತು ರೂಪಾಯಿ ಲೆಕ್ಕ ಬರೆದು, ಹಣ ತಿಂಗಳಿಗೊಮ್ಮೆ ಒಂದು ಡಬ್ಬಿಗೆ ಹಾಕ್ತೀವಿ. ಜಾಸ್ತಿ ಓಡಿಸಿದವರು ಜಾಸ್ತಿ ಹಾಕ್ತಾರೆ. ಕೆಟ್ಟಾಗ ಡಬ್ಬಿಯಿಂದಲೇ ತೆಗೀತೀವಿ. "ಅರ್ಧ ಕೊಡು" ಅಂತ ಯಾರೂ ಯಾರ ಬಾಗಿಲಿಗೂ ಹೋಗಬೇಕಾಗಿಲ್ಲ.

ಮಲ್ಬರಿ ತೋಟ

ಅಮ್ಮ ಹೇಳಿದ್ದು ಸರಿ. ಆದರೂ ನನಗೆ ಕಾಗದ ಅಂದರೇನೇ ಇಷ್ಟ ಇಲ್ಲ. ಪಕ್ಕದ ಹೊಲದವರಿಗೆ ಕಾಗದ ಕೊಟ್ಟರೆ ನೋಟಿಸ್ ಕೊಟ್ಟ ಹಾಗೆ. ಒಂದು ಲೋಟ ಕಾಫಿ ಕುಡೀತಾ ಹೇಳಿದರೆ ಮುಗೀತು. ಮತ್ತೆ ಮೇಸ್ತ್ರಿಗಳೇ, ರಿಲೇ ವಿಷಯ ತಪ್ಪು ಹೇಳಿದ್ದೆ. ನಾನೇ ನನ್ನದನ್ನ ತಿರುಗಿಸಿಟ್ಟಿದ್ದೀನಿ, ನಾಳೆ ವಾಪಸ್ ಇಡಿಸ್ತೀನಿ.

ಪಾಳಿನೀರು, ಕೋಲಾರ

ಕಿಟ್ ಹಾಕಿಸಿ ನಾಲ್ಕು ದಿನ ಆಯ್ತು. ಮಗ ಹೇಳಿದ ಮೇಲೆ ಅಣ್ಣ "ಹಾಕಿಸಿ ನೋಡು" ಅಂದರು. ನನ್ನ ಡ್ರಿಪ್ಪಿನಲ್ಲಿ ಈಗ 15.4, 15.1, 15.0. ಒಂದು ಸಲವೂ ಬಿದ್ದಿಲ್ಲ. ಕಣ್ಣಲ್ಲಿ ನೀರು ಬಂತು ಅಂದರೆ ಸುಳ್ಳಲ್ಲ.

ಆದರೆ ಅಣ್ಣನ ಪಾಳಿಯಲ್ಲಿ ಮಧ್ಯಾಹ್ನ ಒಂದು ಸಲ ಬೀಳ್ತಾ ಇದೆ. ಹೊಂಡಕ್ಕೆ ಬಿಟ್ಟಾಗ ಆಂಪ್ಸ್ 17.2, 17.0, 16.8. ಮೂರೂ ಸಮ, ಆದರೆ ಮೂರೂ 16ಕ್ಕಿಂತ ಮೇಲೆ. ನೀರು ಮಾತ್ರ ರಭಸವಾಗಿ ಬರುತ್ತೆ. 200 ಲೀಟರ್ ಡ್ರಮ್ ಹಿಡಿದು ನೋಡಿದೆವು, ಹೊಂಡದ ಬಾಯಲ್ಲಿ 105 ಸೆಕೆಂಡಿಗೆ ತುಂಬಿತು. ಇದೇಕೆ ಹೀಗೆ? ಅಣ್ಣ ಮತ್ತೆ ಮುಖ ಬಿಗಿದಿದ್ದಾರೆ.

ವೈಂಡಿಂಗ್ ಮೇಸ್ತ್ರಿ

ಮೂರೂ ಸಮ ಏರಿದರೆ ಮರಳು, ಬೇರಿಂಗ್ ಅಂತ ಆಗ ಹೇಳಿದ್ದೆ. ಅದಾಗಿದ್ದರೆ ನಿಮ್ಮ ಡ್ರಿಪ್ಪಿನಲ್ಲೂ ಏರಬೇಕಿತ್ತು, ನೀರೂ ಕಮ್ಮಿ ಆಗಬೇಕಿತ್ತು. ಇಲ್ಲಿ ನೀರು ಜಾಸ್ತಿ ಬರ್ತಿದೆ. ಒಂದು ಕೇಳ್ತೀನಿ, ಈ ಪಂಪ್ ಹಾಕಿಸಿದ್ದು ಯಾವಾಗ? ಆಗ ನೀರು ಎಷ್ಟು ಅಡಿಗಿತ್ತು?

ಪಾಳಿನೀರು, ಕೋಲಾರ

2017ರಲ್ಲಿ. ಆಗ ನೀರು 550 ಅಡಿ ಹತ್ತಿರ. 2018ರಿಂದ ಬೆಂಗಳೂರಲ್ಲಿ ಶುದ್ಧೀಕರಿಸಿದ ಕೆ.ಸಿ. ವ್ಯಾಲಿ ನೀರು ಕೆರೆಗಳಿಗೆ ಬರೋಕೆ ಶುರುವಾದ ಮೇಲೆ ನಮ್ಮ ಕಡೆ ಬೋರ್‌ಗಳಲ್ಲಿ ನೀರು ಮೇಲೆ ಬಂದಿದೆ. ಹೋದ ವರ್ಷ ಎತ್ತಿದಾಗ 300 ಅಡಿಯಿಂದಲೇ ಪೈಪು ಒದ್ದೆ ಇತ್ತು.

ವೈಂಡಿಂಗ್ ಮೇಸ್ತ್ರಿ

ಅದೇ ಕಾರಣ. ಆಳದಿಂದ ಎತ್ತೋಕೆ ಅಂತ ಆರಿಸಿದ ಪಂಪು ಅದು. ಈಗ ಅರ್ಧ ದೂರದಿಂದ ಎತ್ತುತ್ತಾ ಇದೆ, ಅದಕ್ಕೇ ನೀರು ಜಾಸ್ತಿ ತಳ್ಳುತ್ತೆ. ಜಾಸ್ತಿ ನೀರು ತಳ್ಳಿದಷ್ಟೂ ಜಾಸ್ತಿ ಆಂಪ್ಸ್ ಎಳೆಯುತ್ತೆ. ನಿಮ್ಮ ಹೊಲ ದಿನ್ನೆ ಮೇಲೆ, ಜೊತೆಗೆ ಡ್ರಿಪ್ಪಿನ ಪ್ರೆಷರ್, ಆದ್ದರಿಂದ ನಿಮ್ಮ ಪಾಳಿಯಲ್ಲಿ ತಡೆ ಇದೆ. ಅವರ ಹೊಂಡ ತಗ್ಗಿನಲ್ಲಿ, ಪೈಪು ಬಾಯಿ ತೆರೆದಿದೆ, ತಡೆಯೇ ಇಲ್ಲ. ನೀರು ಬತ್ತಿ ಕೆಡೋದನ್ನ ಎಲ್ಲರೂ ನೋಡಿದ್ದೀವಿ, ನೀರು ಏರಿ ಟ್ರಿಪ್ ಆಗೋದನ್ನ ಕೋಲಾರದಲ್ಲಿ ಈಗೀಗ ನೋಡ್ತಾ ಇದೀವಿ.

ಬಾವಿ ಬಾಯಲ್ಲಿ ಒಂದು ಗೇಟ್ ವಾಲ್ ಹಾಕಿಸಿ, ಅವರ ಪಾಳಿಯಲ್ಲಿ ಆಂಪ್ಸ್ 15.8ಕ್ಕೆ ಬರೋ ತನಕ ಮೆಲ್ಲಗೆ ಮುಚ್ಚಿ, ಆ ಜಾಗಕ್ಕೆ ಬಣ್ಣದ ಗುರುತು ಹಾಕಿ. ತೀರಾ ಮುಚ್ಚಬೇಡಿ, ನೀರು ಹರೀದಿದ್ದರೆ ಮೋಟರ್ ತಣ್ಣಗಾಗಲ್ಲ. ಬೇಸಿಗೆಯಲ್ಲಿ ನೀರು ಇಳಿದರೆ ಮತ್ತೆ ಅಳೆದು ಗುರುತು ಬದಲಿಸಬೇಕಾಗುತ್ತೆ.

ಪಾಳಿನೀರು, ಕೋಲಾರ

ಪಕ್ಕದೂರಿನವರ ಹತ್ತಿರ ಇದ್ದ ವಾಲ್ ಎರವಲು ತಂದು ಒಂದು ಪಾಳಿ ಹಾಕಿ ನೋಡಿದೆವು. 15.8ಕ್ಕೆ ನಿಲ್ಲಿಸಿದಾಗ ಡ್ರಮ್ 118 ಸೆಕೆಂಡಿಗೆ ತುಂಬಿತು. ಬೀಳಲಿಲ್ಲ. ಆದರೆ ಅಣ್ಣ "ನನ್ನ ನೀರಿಗೆ ಬೀಗ ಹಾಕ್ತೀಯಾ" ಅಂದರು. ಆ ಮಾತು ಕೇಳಿದ ಮೇಲೆ ಕಾಗದ ಬರೆಯಲೇಬೇಕು ಅನ್ನಿಸಿತು. ಇದು ಹೊಸ ಕಾಗದ.

"ಅಣ್ಣನವರಿಗೆ ನಿಮ್ಮ ತಮ್ಮನ ನಮಸ್ಕಾರಗಳು.

ಮೋಟರ್ ಟ್ರಿಪ್ ಆಗುತ್ತಿದ್ದುದಕ್ಕೆ ನೀವೂ ಕಾರಣವಲ್ಲ, ನಾನೂ ಕಾರಣವಲ್ಲ. ನಿಮ್ಮ ಮಗ ಬರೆದುಕೊಂಡ ಲೆಕ್ಕ ಇದರ ಜೊತೆ ಇಟ್ಟಿದ್ದೇನೆ. ಎರಡು ಸಲ ವೈರ್ ಬದಲಿಸಿದರೂ ಜಾಸ್ತಿ ಆಂಪ್ಸ್ ಸ್ಟಾರ್ಟರಿನ ಒಂದೇ ಜಾಗದಲ್ಲಿ ನಿಂತಿತು. ಸುಟ್ಟ ಪಾಯಿಂಟನ್ನೂ ಇದರೊಳಗೆ ಸುತ್ತಿ ಇಟ್ಟಿದ್ದೇನೆ, ಕೈಯಲ್ಲಿ ಹಿಡಿದು ನೋಡಿ. ಮೋಟರ್ ಎತ್ತಿಸೋಣ ಎಂದು ನಾನೇ ಹೊರಟಿದ್ದೆ, ಅದು ನನ್ನ ತಪ್ಪು ಲೆಕ್ಕ. ಎತ್ತಿಸಿದ್ದರೆ 22,000 ಹೋಗಿ, ಟ್ರಿಪ್ ಹಾಗೇ ಉಳಿಯುತ್ತಿತ್ತು.

ಈಗ ಉಳಿದಿರುವುದು ನಿಮ್ಮ ಪಾಳಿಯ ಒಂದು ಟ್ರಿಪ್. ವಾಲ್ ಹಾಕಿದರೆ ನಿಮಗೆ ನೀರು ಕಡಿಮೆಯಾಗುತ್ತದೆ ಎಂಬುದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಮೂರೂವರೆ ಗಂಟೆಯಲ್ಲಿ ಪೂರ್ತಿ ತೆರೆದರೆ 120 ಡ್ರಮ್, ವಾಲ್ ಹಿಡಿದರೆ 107 ಡ್ರಮ್. ಹದಿಮೂರು ಡ್ರಮ್ ಕಡಿಮೆ. ಆದರೆ ಒಂದು ಸಲ ಟ್ರಿಪ್ ಆದರೆ ರಿಲೇ ಆರಿ, ನೀವು ಮನೆಯಿಂದ ಬಂದು ಬಟನ್ ಒತ್ತುವ ಹೊತ್ತಿಗೆ ಅರ್ಧ ಗಂಟೆ ಹೋಗುತ್ತದೆ. ಆ ಅರ್ಧ ಗಂಟೆಯಲ್ಲಿ ಹದಿನೇಳು ಡ್ರಮ್ ಹೋಗುತ್ತದೆ. ಇದೇ ಲೆಕ್ಕವನ್ನು ನೀವೂ ಒಂದು ದಿನ ಡ್ರಮ್ ಹಿಡಿದು ನೋಡಿ.

ಆದರೂ ನಿಮ್ಮ ನೀರಿಗೆ ನಷ್ಟವಾಗಬಾರದು. ವಾಲ್ ಇರುವಷ್ಟು ದಿನ ನನ್ನ ಪಾಳಿಯಿಂದ ದಿನಕ್ಕೆ ಹದಿನೈದು ನಿಮಿಷ ನಿಮಗೆ ಬಿಡುತ್ತೇನೆ. ಡ್ರಿಪ್ಪಿಗೆ ನನಗೆ ಉಳಿದದ್ದು ಸಾಕು.

ಖರ್ಚು: ಕಾಂಟ್ಯಾಕ್ಟ್ ಕಿಟ್ 850, ಎಲೆಕ್ಟ್ರಿಷಿಯನ್ ಮೂರು ದಿನ ಬಂದದ್ದಕ್ಕೆ 1,500, ವಾಲ್ ಮತ್ತು ಜೋಡಿಸುವ ಕೂಲಿ 1,650. ಒಟ್ಟು 4,000. ಕಿಟ್ಟಿಗೂ ಎಲೆಕ್ಟ್ರಿಷಿಯನ್ನಿಗೂ ನಾನು ಕೊಟ್ಟಾಗಿದೆ. ವಾಲ್ ನೀವು ತಂದರೆ ಉಳಿದ 350 ಆಮೇಲೆ ನೋಡಿಕೊಳ್ಳೋಣ. ಇನ್ನು ಮುಂದೆ ಬಾಕ್ಸಿಗೆ ಒಂದು ನೋಟ್‌ಬುಕ್ ಕಟ್ಟೋಣ. ಪಾಳಿ ಶುರುವಿಗೆ ಆಂಪ್ಸ್ ಮೂರೂ ಬರೆಯೋಣ. ರಿಲೇ ಸ್ಕ್ರೂವನ್ನು ನಾನೊಬ್ಬನೇ ಆಗಲಿ ನೀವೊಬ್ಬರೇ ಆಗಲಿ ಮುಟ್ಟುವುದು ಬೇಡ, ಇಬ್ಬರೂ ಇದ್ದಾಗ ಎಲೆಕ್ಟ್ರಿಷಿಯನ್ ಮುಟ್ಟಲಿ. ನಿಮಗೆ ಬೇರೆ ದಾರಿ ತೋಚಿದರೆ ಇದೇ ಕಾಗದದ ಹಿಂದೆ ಬರೆದು ಕಳಿಸಿ.

ಮನೆಯಲ್ಲಿ ಅತ್ತಿಗೆಯವರಿಗೆ ನಮಸ್ಕಾರ ಹೇಳಿ."

ಶಿರಾ ಶೇಂಗಾ

ಹದಿನೈದು ನಿಮಿಷ ಬಿಡ್ತೀನಿ ಅಂದದ್ದು ದೊಡ್ಡ ಮನಸ್ಸು, ಆದರೆ ಎಲ್ಲೀ ತನಕ ಅಂತ ಬರೀರಿ. ಇಲ್ಲದಿದ್ದರೆ ಮುಂದೆ ಅದೇ ಹಕ್ಕಾಗಿಬಿಡುತ್ತೆ, ನಿಮ್ಮ ಮಕ್ಕಳ ಕಾಲಕ್ಕೆ ಜಗಳ.

ಮಲ್ಬರಿ ತೋಟ

ಈ ಕಾಗದ ಕೊಡಿ. ಇದು ನೋಟಿಸ್ ಅಲ್ಲ.

ಗುಬ್ಬಿ ತೆಂಗು

ಟೈಮರ್ ಕೂಡ ಸೇರಿಸಿ ಅಂತ ಈಗಲೂ ಹೇಳ್ತೀನಿ. ಇವತ್ತಲ್ಲ ನಾಳೆ ಬೇಕಾಗುತ್ತೆ.

ಪಾಳಿನೀರು, ಕೋಲಾರ

ಶಿರಾ ಅಮ್ಮ ಹೇಳಿದ ಹಾಗೆ "ಯುಗಾದಿ ತನಕ, ಆಮೇಲೆ ನೀರು ನೋಡಿಕೊಂಡು" ಅಂತ ಸೇರಿಸಿ ಹುಡುಗನ ಕೈಲಿ ಕಳಿಸಿದೆ. ಎರಡು ದಿನ ಏನೂ ಬರಲಿಲ್ಲ.

ಇವತ್ತು ಬೆಳಿಗ್ಗೆ ಕಾಗದದ ಹಿಂದೆ ಬರೆದು ಬಂತು. ದೊಡ್ಡ ಅಕ್ಷರ, ಪೆನ್ಸಿಲ್. "ಪಾಯಿಂಟ್ ನೋಡಿದೆ. 2,000 ಹುಡುಗನ ಕೈಲಿ ಕಳಿಸಿದ್ದೀನಿ. ನೋಟ್‌ಬುಕ್ ನಾನೇ ತಂದೆ. ವಾಲ್ ಬೇಡ, ಹೊಂಡದ ಪೈಪು ಎರಡು ಇಂಚಿದೆ, ಒಂದೂವರೆ ಇಂಚಿಗೆ ಇಳಿಸಿ ನೋಡ್ತೀನಿ. ನಿನ್ನ ಹದಿನೈದು ನಿಮಿಷ ನಿನಗೇ ಇರಲಿ."

ಮೇಸ್ತ್ರಿಗಳೇ, ಪೈಪು ಸಣ್ಣದು ಮಾಡಿದರೆ ವಾಲ್ ಮಾಡೋ ಕೆಲಸ ಆಗುತ್ತಾ?

ವೈಂಡಿಂಗ್ ಮೇಸ್ತ್ರಿ

ಆಗಬಹುದು, ಅದೂ ತಡೆಯೇ. ಆದರೆ ಎಷ್ಟು ಉದ್ದ ಸಣ್ಣ ಪೈಪು ಹಾಕ್ತಾರೆ ಅನ್ನೋದರ ಮೇಲೆ. ಬಾಯಿಗೆ ಒಂದು ಅಡಿ ಹಾಕಿದರೆ ಏನೂ ಆಗಲ್ಲ, ಇನ್ನೂರು ಅಡಿ ಹಾಕಿದರೆ ಗೊತ್ತಾಗುತ್ತೆ. ತೊಂದರೆ ಏನಂದರೆ ವಾಲ್ ಆದರೆ ಬೇಸಿಗೆಯಲ್ಲಿ ತಿರುಗಿಸಿ ಬಿಡಬಹುದು, ಪೈಪನ್ನ ದಪ್ಪ ಮಾಡೋಕಾಗಲ್ಲ. ಅವರು ಹಾಕಲಿ, ಮೂರು ಫೇಸ್ ಆಂಪ್ಸ್ ಅವರ ನೋಟ್‌ಬುಕ್ಕಿನಲ್ಲೇ ಬರೀಲಿ. 16ರ ಕೆಳಗೆ ಬಂತೋ ಇಲ್ವೋ ಅಂತ ಹೇಳಿ.

ಪಾಳಿನೀರು, ಕೋಲಾರ

ಭಾನುವಾರ ಇಬ್ಬರೂ ಸೇರಿ ಹಾಕ್ತೀವಿ. ಎರವಲು ತಂದ ವಾಲನ್ನ ಅಲ್ಲೀ ತನಕ ವಾಪಸ್ ಕೊಡಲ್ಲ.